ದೋಷ ಎಲ್ಲಿದೆ? ಕಲ್ಪಿತ ಪ್ರಯೋಗಗಳ ಪ್ರಶ್ನೆಯನ್ನು ಓದುವ ಬಗೆ

ಮನೋವಿಜ್ಞಾನ ಪದವಿಯ ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ವಿದ್ಯಾರ್ಥಿಗಳು ಬೇಗ ಬರೆದು ಮುಗಿಸುವ, ಆದರೆ ಅಂಕ ಕಳೆದುಕೊಳ್ಳುವ ಪ್ರಶ್ನೆಯೊಂದಿರುತ್ತದೆ. ಎಂದೂ ನಡೆಯದ ಪ್ರಯೋಗವೊಂದನ್ನು ಎಂಟು ಹತ್ತು ಸಾಲುಗಳಲ್ಲಿ ವಿವರಿಸಿ, ಕೊನೆಯಲ್ಲಿ ಸಂಶೋಧಕರ ತೀರ್ಮಾನವನ್ನು ಕೊಟ್ಟು, "ಈ ವಿನ್ಯಾಸದ ಪ್ರಮುಖ ದೋಷವನ್ನು ಗುರುತಿಸಿ, ಅದನ್ನು ಸರಿಪಡಿಸುವ ಬಗೆಯನ್ನು ತಿಳಿಸಿ" ಎಂದು ಕೇಳಲಾಗುತ್ತದೆ. ಉತ್ತರ ಪತ್ರಿಕೆಗಳನ್ನು ತಿದ್ದುವಾಗ ನನಗೆ ಮತ್ತೆ ಮತ್ತೆ ಸಿಗುವ ಉತ್ತರ ಒಂದೇ: ಮಾದರಿ ಚಿಕ್ಕದು, ಎಲ್ಲರೂ ಒಂದೇ ಕಾಲೇಜಿನವರು, ಇನ್ನೂ ಹೆಚ್ಚು ಜನರನ್ನು ತೆಗೆದುಕೊಳ್ಳಬೇಕಿತ್ತು. ಪ್ರಯೋಗದ ವಿವರಣೆಯನ್ನು ಓದದೆಯೇ ಈ ಉತ್ತರವನ್ನು ಬರೆಯಬಹುದು. ಹಾಗೆ ಬರೆಯಲು ಸಾಧ್ಯವಾಗುವುದೇ ಅದರ ತೊಂದರೆ.

ಇಲ್ಲಿ ದೋಷ ಎಂಬ ಪದಕ್ಕೆ ನಿರ್ದಿಷ್ಟವಾದ ಅರ್ಥವಿದೆ. ಸಂಶೋಧಕರು ಹೇಳುವ ಕಾರಣ ಸುಳ್ಳೇ ಆಗಿದ್ದರೂ ಅದೇ ಫಲಿತಾಂಶ ಬರುವಂತೆ ಮಾಡಬಲ್ಲ ಬೇರೊಂದು ಕಾರಣಕ್ಕೆ ವಿನ್ಯಾಸ ಜಾಗ ಬಿಟ್ಟಿದ್ದರೆ ಅದು ದೋಷ. ಫಲಿತಾಂಶವನ್ನು ಎಷ್ಟು ಜನರಿಗೆ, ಯಾವ ಊರಿಗೆ, ಯಾವ ಸಂದರ್ಭಕ್ಕೆ ಅನ್ವಯಿಸಬಹುದು ಎಂಬುದು ಬೇರೆ ಪ್ರಶ್ನೆ. ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ 1957ರಲ್ಲಿ ಈ ಎರಡನ್ನು ಬೇರ್ಪಡಿಸಿ ಮೊದಲನೆಯದನ್ನು ಆಂತರಿಕ ಸಿಂಧುತ್ವ ಎಂದೂ ಎರಡನೆಯದನ್ನು ಬಾಹ್ಯ ಸಿಂಧುತ್ವ ಎಂದೂ ಕರೆದರು. ದೋಷ ಹುಡುಕುವ ಪ್ರಶ್ನೆ ಬಹುಪಾಲು ಮೊದಲನೆಯದರ ಮೇಲಿರುತ್ತದೆ; ವಿದ್ಯಾರ್ಥಿಗಳ ಉತ್ತರ ಬಹುಪಾಲು ಎರಡನೆಯದರ ಮೇಲಿರುತ್ತದೆ.

ಪರೀಕ್ಷೆಗೆಂದು ನಾನೇ ಹೆಣೆದ ಒಂದು ಪ್ರಯೋಗವನ್ನು ನೋಡೋಣ. "ಹಿನ್ನೆಲೆಯಲ್ಲಿ ವಾದ್ಯಸಂಗೀತ ಕೇಳಿಸುತ್ತಿದ್ದರೆ ಪದಗಳು ಹೆಚ್ಚು ನೆನಪಿನಲ್ಲಿ ಉಳಿಯುತ್ತವೆಯೇ ಎಂದು ತಿಳಿಯಲು ಸಂಶೋಧಕಿಯೊಬ್ಬರು ಒಂದು ಮಹಿಳಾ ಕಾಲೇಜಿನ 40 ವಿದ್ಯಾರ್ಥಿನಿಯರನ್ನು ಆರಿಸಿದರು. ‘ಎ’ ವಿಭಾಗದ 20 ಮಂದಿ ಬೆಳಿಗ್ಗೆ 10 ಗಂಟೆಗೆ ವೀಣಾವಾದನ ಕೇಳುತ್ತ 30 ಪದಗಳ ಪಟ್ಟಿಯನ್ನು ಹತ್ತು ನಿಮಿಷ ಓದಿದರು. ‘ಬಿ’ ವಿಭಾಗದ 20 ಮಂದಿ ಮಧ್ಯಾಹ್ನ 3 ಗಂಟೆಗೆ ನಿಶ್ಶಬ್ದವಾದ ಅದೇ ಕೊಠಡಿಯಲ್ಲಿ ಅದೇ ಪಟ್ಟಿಯನ್ನು ಅಷ್ಟೇ ಹೊತ್ತು ಓದಿದರು. ನೆನಪಿಸಿಕೊಂಡ ಪದಗಳ ಸರಾಸರಿ ಕ್ರಮವಾಗಿ 17 ಮತ್ತು 12. ವ್ಯತ್ಯಾಸ ಸಂಖ್ಯಾಶಾಸ್ತ್ರೀಯವಾಗಿ ಅರ್ಥಪೂರ್ಣವಾಗಿತ್ತು. ಸಂಗೀತ ನೆನಪನ್ನು ಹೆಚ್ಚಿಸುತ್ತದೆ ಎಂದು ಅವರು ತೀರ್ಮಾನಿಸಿದರು."

ಓದುವಾಗ ಮೊದಲು ಮಾಡಬೇಕಾದ ಕೆಲಸ ದೋಷ ಹುಡುಕುವುದಲ್ಲ, ತೀರ್ಮಾನದ ವಾಕ್ಯವನ್ನು ಬಿಡಿಸಿಕೊಳ್ಳುವುದು. ಕಾರಣ ಎಂದು ಹೇಳಲಾಗುತ್ತಿರುವುದು ಸಂಗೀತ; ಇದು ಸ್ವತಂತ್ರ ಚಲಕ. ಪರಿಣಾಮ ಎಂದು ಹೇಳಲಾಗುತ್ತಿರುವುದು ನೆನಪಿಸಿಕೊಂಡ ಪದಗಳ ಸಂಖ್ಯೆ; ಇದು ಅವಲಂಬಿತ ಚಲಕ. ಆಮೇಲೆ ಪುಟದ ಅಂಚಿನಲ್ಲಿ ಎರಡು ಗುಂಪುಗಳ ಹೆಸರು ಬರೆದು, ವಿವರಣೆಯಲ್ಲಿರುವ ಪ್ರತಿಯೊಂದು ಸಂಗತಿಯೂ ಎರಡೂ ಗುಂಪಿಗೆ ಸಮಾನವೇ ಎಂದು ಒಂದೊಂದಾಗಿ ಕೇಳಿಕೊಳ್ಳಬೇಕು. ಪದಗಳ ಪಟ್ಟಿ ಸಮಾನ, ಓದಿದ ಸಮಯ ಸಮಾನ, ಕೊಠಡಿ ಸಮಾನ. ಹೊತ್ತು ಬೇರೆ, ವಿಭಾಗ ಬೇರೆ. ಸಂಗೀತದ ಜೊತೆಗೆ ಇನ್ನೂ ಎರಡು ಸಂಗತಿಗಳು ಗುಂಪಿನಿಂದ ಗುಂಪಿಗೆ ಬದಲಾಗಿವೆ. ಹೀಗೆ ಸ್ವತಂತ್ರ ಚಲಕಕ್ಕೆ ಅಂಟಿಕೊಂಡು ತಾವೂ ಬದಲಾಗುವ ಸಂಗತಿಗಳನ್ನು ಗೊಂದಲಕಾರಿ ಚಲಕ ಎನ್ನುತ್ತೇವೆ. ತರಗತಿಯ ಮಾತಿನಲ್ಲಿ ಕನ್‌ಫೌಂಡ್.

ಈ ಪಟ್ಟಿ ಸಿದ್ಧವಾದ ಕೂಡಲೇ ಹಲವು ಟೀಕೆಗಳು ತಾವಾಗಿ ಬಿದ್ದುಹೋಗುತ್ತವೆ. ಎಲ್ಲರೂ ಹೆಣ್ಣುಮಕ್ಕಳು ಎಂಬುದು ನಿಜ, ಆದರೆ ಎರಡೂ ಗುಂಪಿನಲ್ಲಿ ಹೆಣ್ಣುಮಕ್ಕಳೇ ಇರುವುದರಿಂದ ಅದು 17 ಮತ್ತು 12ರ ನಡುವಿನ ಐದು ಪದಗಳ ಅಂತರವನ್ನು ಹುಟ್ಟಿಸಲಾರದು. ಗಂಡುಮಕ್ಕಳಿಗೂ ಹೀಗೆಯೇ ಆಗುತ್ತದೆಯೇ ಎಂಬುದು ಬಾಹ್ಯ ಸಿಂಧುತ್ವದ ಪ್ರಶ್ನೆ. ‘ಕೇವಲ 40 ಮಂದಿ’ ಎಂಬ ಆಕ್ಷೇಪಕ್ಕೂ ಇಲ್ಲಿ ಹೆಚ್ಚಿನ ಬಲವಿಲ್ಲ. ಚಿಕ್ಕ ಮಾದರಿಯಿಂದ ಅಂದಾಜಿನ ಏರಿಳಿತ ಹೆಚ್ಚುತ್ತದೆ. ಆದರೆ ಅದು ಫಲಿತಾಂಶವನ್ನು ಒಂದೇ ದಿಕ್ಕಿಗೆ ತಳ್ಳುವುದಿಲ್ಲ. ನಾಲ್ಕು ಸಾವಿರ ಮಂದಿಯನ್ನು ಇದೇ ರೀತಿ ಬೆಳಿಗ್ಗೆ ಮತ್ತು ಮಧ್ಯಾಹ್ನಕ್ಕೆ ಹಂಚಿದ್ದರೂ ದೋಷ ಹಾಗೆಯೇ ಉಳಿಯುತ್ತಿತ್ತು, ಸಾಲದ್ದಕ್ಕೆ ತಪ್ಪು ತೀರ್ಮಾನದ ಮೇಲಿನ ಭರವಸೆ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಮಾದರಿ ಚಿಕ್ಕದೆಂಬುದೇ ಪ್ರಮುಖ ದೋಷವಾಗುವ ಸಂದರ್ಭವೂ ಇದೆ. ಅದನ್ನು ತೀರ್ಮಾನದ ವಾಕ್ಯವೇ ತೋರಿಸಿಕೊಡುತ್ತದೆ. ಗುಂಪಿಗೆ ಎಂಟೆಂಟು ಜನರನ್ನು ಇಟ್ಟುಕೊಂಡು, ವ್ಯತ್ಯಾಸ ಕಾಣಲಿಲ್ಲ, ಆದ್ದರಿಂದ ಕಾಫಿಗೂ ಏಕಾಗ್ರತೆಗೂ ಸಂಬಂಧವಿಲ್ಲ ಎಂದು ಸಂಶೋಧಕರು ಹೇಳಿದ್ದರೆ, ಆಗ ಮಾದರಿಯ ಗಾತ್ರವನ್ನೇ ಹಿಡಿಯಬೇಕು. ನಿಜವಾದ ವ್ಯತ್ಯಾಸವಿದ್ದರೂ ಎಂಟು ಜನರ ಗುಂಪುಗಳಲ್ಲಿ ಅದು ಕಾಣದೆ ಹೋಗುವ ಸಂಭವ ಹೆಚ್ಚು. ‘ಕಾಣಲಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದಿದ್ದು ಅಲ್ಲಿಯ ತಪ್ಪು. ಒಂದೇ ಟೀಕೆ ಒಂದು ತೀರ್ಮಾನಕ್ಕೆ ತಟ್ಟುತ್ತದೆ, ಇನ್ನೊಂದಕ್ಕೆ ತಟ್ಟುವುದಿಲ್ಲ.

ಮತ್ತೆ ವೀಣೆಯ ಪ್ರಯೋಗಕ್ಕೆ ಬರೋಣ. ‘ಹೊತ್ತು ಬೇರೆ ಬೇರೆ ಇತ್ತು’ ಎಂದಷ್ಟೇ ಬರೆದರೆ ಉತ್ತರ ಅರ್ಧದಲ್ಲಿ ನಿಂತಿದೆ. ಆ ವ್ಯತ್ಯಾಸ ಫಲಿತಾಂಶವನ್ನು ಯಾವ ದಿಕ್ಕಿಗೆ ತಳ್ಳುತ್ತದೆ ಎಂಬುದನ್ನು ಹೇಳಬೇಕು. ಊಟವಾದ ಮೇಲೆ ಮಧ್ಯಾಹ್ನ ಮೂರರ ಹೊತ್ತಿಗೆ ತೂಕಡಿಕೆ ಬರುವುದು ಸಾಮಾನ್ಯ. ಹಾಗಾಗಿ ಸಂಗೀತ ಏನೂ ಮಾಡದಿದ್ದರೂ ಮಧ್ಯಾಹ್ನದ ಗುಂಪು ಕಡಿಮೆ ಪದಗಳನ್ನು ನೆನಪಿಸಿಕೊಂಡಿರಬಹುದು. ಈಗ ಕಾರಣದಿಂದ ಫಲಿತಾಂಶದವರೆಗೆ ಸರಪಳಿ ಪೂರ್ತಿಯಾಯಿತು. ಪ್ರಶ್ನೆ ರೂಪಿಸುವವರು ಕೆಲವೊಮ್ಮೆ ಇದನ್ನೇ ತಿರುಗಿಸಿ ಕೇಳುತ್ತಾರೆ: ಸಂಗೀತದ ಗುಂಪನ್ನು ಮಧ್ಯಾಹ್ನಕ್ಕೂ ನಿಶ್ಶಬ್ದದ ಗುಂಪನ್ನು ಬೆಳಿಗ್ಗೆಗೂ ಇಟ್ಟು, ಆಗಲೂ ಸಂಗೀತದ ಗುಂಪಿಗೇ 17 ಬಂತೆಂದು ಹೇಳುತ್ತಾರೆ. ಹೊತ್ತು ಇಲ್ಲೂ ಬೇರೆಯೇ. ಆದರೆ ತೂಕಡಿಕೆ ಕೆಲಸ ಮಾಡಿದ್ದರೆ ಅದು ಸಂಗೀತದ ಗುಂಪಿನ ಅಂಕವನ್ನು ತಗ್ಗಿಸುತ್ತಿತ್ತು. ಅದರಿಂದ 17ರ ಹೆಚ್ಚಳವನ್ನು ವಿವರಿಸಲು ಬರುವುದಿಲ್ಲ. ಅಂಥ ಪ್ರಶ್ನೆಯಲ್ಲಿ ಹೊತ್ತನ್ನು ಪ್ರಮುಖ ದೋಷವೆಂದು ಬರೆದವರು ಬಲೆಗೆ ಬಿದ್ದಂತೆ. ಅಲ್ಲಿ ಹಿಡಿಯಬೇಕಾದದ್ದು ವಿಭಾಗವನ್ನು. ಏಕೆಂದರೆ ‘ಎ’ ವಿಭಾಗಕ್ಕೆ ಹೆಚ್ಚು ಅಂಕ ಪಡೆದವರನ್ನೇ ಸೇರಿಸುವ ರೂಢಿ ಹಲವೆಡೆ ಇದೆ, ಅದು ಸಂಗೀತದ ಗುಂಪಿನ ಅಂಕವನ್ನು ಮೇಲಕ್ಕೇ ತಳ್ಳುತ್ತದೆ.

ಸರಿಪಡಿಸುವ ಬಗೆಯೂ ದೋಷಕ್ಕೆ ಹೊಂದಿರಬೇಕು. 40 ಮಂದಿಯನ್ನೂ ಒಂದೇ ಪಟ್ಟಿಯಲ್ಲಿಟ್ಟು ಚೀಟಿ ಎತ್ತಿ ಎರಡು ಗುಂಪಿಗೆ ಹಂಚಬೇಕು, ಎರಡೂ ಗುಂಪನ್ನು ಒಂದೇ ಹೊತ್ತಿನಲ್ಲಿ ಪರೀಕ್ಷಿಸಬೇಕು. ಇಲ್ಲಿ ‘ಯಾದೃಚ್ಛಿಕವಾಗಿ ಆರಿಸಬೇಕಿತ್ತು’ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಜನಸಮೂಹದಿಂದ ಯಾದೃಚ್ಛಿಕವಾಗಿ ಆರಿಸುವುದು ಬೇರೆ, ಆರಿಸಿ ತಂದವರನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚುವುದು ಬೇರೆ. ರಾಜ್ಯದಾದ್ಯಂತ ಚೀಟಿ ಎತ್ತಿ ವಿದ್ಯಾರ್ಥಿಗಳನ್ನು ಆರಿಸಿದರೂ, ಅವರಲ್ಲಿ ಯಾರು ಸಂಗೀತ ಕೇಳಬೇಕು ಎಂಬುದನ್ನು ವಿಭಾಗ ನೋಡಿ ನಿರ್ಧರಿಸಿದರೆ ದೋಷ ಹೋಗುವುದಿಲ್ಲ. ಕಾರಣದ ಕುರಿತ ತೀರ್ಮಾನವನ್ನು ಕಾಯುವುದು ಹಂಚಿಕೆ.

‘ಸಂಶೋಧಕಿಗೆ ಯಾರು ಯಾವ ಗುಂಪಿನವರು ಎಂದು ಗೊತ್ತಿತ್ತು’ ಎಂಬ ಉತ್ತರದ ಬಗ್ಗೆಯೂ ಒಂದು ಮಾತು. 1963ರಲ್ಲಿ ರಾಬರ್ಟ್ ರೋಸೆಂತಾಲ್ ಮತ್ತು ಕೆರ್ಮಿಟ್ ಫೋಡ್ ಪ್ರಕಟಿಸಿದ ಅಧ್ಯಯನವೊಂದರಲ್ಲಿ 12 ವಿದ್ಯಾರ್ಥಿಗಳಿಗೆ ಇಲಿಗಳನ್ನು ಕೊಟ್ಟು, ಕೆಲವರಿಗೆ ನಿಮ್ಮವು ಚುರುಕು ತಳಿಯವೆಂದೂ ಇನ್ನು ಕೆಲವರಿಗೆ ಮಂದ ತಳಿಯವೆಂದೂ ಹೇಳಲಾಗಿತ್ತು. ಇಲಿಗಳಲ್ಲಿ ಅಂಥ ಭೇದವೇ ಇರಲಿಲ್ಲ. ಆದರೂ ಚುರುಕೆಂದು ಹೇಳಿಸಿಕೊಂಡ ಇಲಿಗಳ ಕಲಿಕೆ ಮೇಲಾಗಿ ದಾಖಲಾಯಿತು. ನಿರೀಕ್ಷೆ ಫಲಿತಾಂಶವನ್ನು ಬಾಗಿಸಬಲ್ಲದು, ನಿಜ. ಆದರೆ ಅದಕ್ಕೆ ಒಳಬರಲು ದಾರಿ ಬೇಕು. ಪದಗಳನ್ನು ಎಣಿಸುವ ಕೆಲಸದಲ್ಲಿ, ಅದೂ ಭಾಗವಹಿಸಿದವರೇ ಹಾಳೆಯ ಮೇಲೆ ಬರೆದ ಪದಗಳನ್ನು ಎಣಿಸುವುದರಲ್ಲಿ, ಆ ದಾರಿ ಕಿರಿದು. ಅದರ ಬದಲು ಕಥೆಗಳ ಸೃಜನಶೀಲತೆಗೆ ಹತ್ತರಲ್ಲಿ ಎಷ್ಟು ಎಂದು ಅಂಕ ಕೊಡುವ ಕೆಲಸವಾಗಿದ್ದರೆ, ಗುಂಪು ಗೊತ್ತಿರುವವರೇ ಅಂಕ ಕೊಟ್ಟದ್ದು ಪ್ರಮುಖ ದೋಷವೇ ಆಗುತ್ತಿತ್ತು. ಅಳತೆ ಎಂಥದ್ದು ಎಂದು ನೋಡದೆ ಈ ಆಕ್ಷೇಪವನ್ನು ಎತ್ತಬಾರದು.

ಇನ್ನು ಎರಡನೆಯ ಕಲ್ಪಿತ ಪ್ರಯೋಗ. ಇದರ ದೋಷ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. "200 ವಿದ್ಯಾರ್ಥಿಗಳಿಗೆ 100 ಅಂಕಗಳ ಆತಂಕ ಮಾಪನವನ್ನು ಕೊಡಲಾಯಿತು. ಎಲ್ಲರ ಸರಾಸರಿ 50. ಅತಿ ಹೆಚ್ಚು ಅಂಕ ಬಂದ 20 ಮಂದಿಯನ್ನು ಆರಿಸಲಾಯಿತು; ಅವರ ಸರಾಸರಿ 78. ಈ 20 ಮಂದಿಗೆ ಆರು ವಾರ ಪ್ರಾಣಾಯಾಮ ಕಲಿಸಿ ಮತ್ತೆ ಅದೇ ಮಾಪನವನ್ನು ಕೊಟ್ಟಾಗ ಸರಾಸರಿ 68ಕ್ಕೆ ಇಳಿದಿತ್ತು. ಪ್ರಾಣಾಯಾಮದಿಂದ ಆತಂಕ ಕಡಿಮೆಯಾಯಿತು ಎಂದು ತೀರ್ಮಾನಿಸಲಾಯಿತು."

‘ನಿಯಂತ್ರಿತ ಗುಂಪು ಇಲ್ಲ’ ಎಂದು ಹೆಚ್ಚಿನವರು ಬರೆಯುತ್ತಾರೆ. ಅದು ತಪ್ಪಲ್ಲ, ಆದರೆ ಕಾಯಿಲೆಯ ಹೆಸರು ಹೇಳದೆ ‘ಔಷಧಿ ಕೊಟ್ಟಿಲ್ಲ’ ಎಂದಂತೆ. ನಿಯಂತ್ರಿತ ಗುಂಪು ಇದ್ದಿದ್ದರೆ ಅದರಲ್ಲಿ ಏನು ಕಾಣುತ್ತಿತ್ತು? ಮೂರು ಸಂಗತಿಗಳು ಕಾಣಬಹುದಿತ್ತು. ಆರು ವಾರಗಳಲ್ಲಿ ಪರೀಕ್ಷೆ ಮುಗಿದಿರಬಹುದು, ಎಲ್ಲರ ಆತಂಕವೂ ತಾನಾಗಿ ಇಳಿದಿರಬಹುದು. ಒಮ್ಮೆ ಉತ್ತರಿಸಿದ ಪ್ರಶ್ನೆಗಳನ್ನು ಎರಡನೆಯ ಸಲ ಉತ್ತರಿಸುವ ರೀತಿಯೇ ಬದಲಾಗಿರಬಹುದು. ಮೂರನೆಯದು ವಿವರಣೆಯ ಒಂದು ಪದದಲ್ಲಿ ಅಡಗಿದೆ: ‘ಅತಿ ಹೆಚ್ಚು’.

ಯಾವ ಮಾಪನದ ಅಂಕವೂ ಆ ವ್ಯಕ್ತಿಯ ನಿಜವಾದ ಮಟ್ಟವನ್ನು ಅಷ್ಟಕ್ಕಷ್ಟೇ ತೋರಿಸುವುದಿಲ್ಲ. ಅದರಲ್ಲಿ ಆ ದಿನದ ಏರಿಳಿತವೂ ಸೇರಿರುತ್ತದೆ. ಹಿಂದಿನ ರಾತ್ರಿ ನಿದ್ದೆ ಇಲ್ಲದವರು, ಬೆಳಿಗ್ಗೆ ಮನೆಯಲ್ಲಿ ಜಗಳವಾಡಿ ಬಂದವರು ಆ ದಿನ ತಮ್ಮ ಮಾಮೂಲಿ ಮಟ್ಟಕ್ಕಿಂತ ಹೆಚ್ಚಿನ ಅಂಕ ತೋರಿಸುತ್ತಾರೆ. 200 ಮಂದಿಯಲ್ಲಿ ತುದಿಯ 20 ಮಂದಿಯನ್ನು ಮಾತ್ರ ಎತ್ತಿಕೊಂಡಾಗ, ನಿಜವಾಗಿಯೂ ಆತಂಕವುಳ್ಳವರ ಜೊತೆಗೆ ಆ ದಿನ ಕೆಟ್ಟಿದ್ದವರೂ ಗುಂಪಾಗಿ ಬರುತ್ತಾರೆ. ಎರಡನೆಯ ಸಲ ಅಳೆದಾಗ ಆ ದಿನದ ಏರಿಳಿತ ಮರುಕಳಿಸಬೇಕೆಂದಿಲ್ಲ, ಹಾಗಾಗಿ ಗುಂಪಿನ ಸರಾಸರಿ ಏನೂ ಮಾಡದೆಯೇ 50ರ ಕಡೆಗೆ ಸರಿಯುತ್ತದೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದ ಅಂಕಿಅಂಶಗಳಲ್ಲಿ ವಿವರಿಸಿದ್ದು ಇದನ್ನೇ. ಸರಾಸರಿಯತ್ತ ಮರಳಿಕೆ ಎಂದು ಇದಕ್ಕೆ ಹೆಸರು.

ಎಷ್ಟು ಸರಿಯುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಪ್ರಶ್ನೆಯಲ್ಲಿ ಮಾಪನದ ವಿಶ್ವಾಸಾರ್ಹತೆಯನ್ನು ಕೊಟ್ಟಿದ್ದರೆ ಲೆಕ್ಕ ಹಾಕಲೇಬೇಕು. ಆರು ವಾರಗಳ ಅಂತರದಲ್ಲಿ ಎರಡು ಅಳತೆಗಳ ನಡುವಿನ ಸಹಸಂಬಂಧ 0.7 ಇದೆ ಎಂದಿಟ್ಟುಕೊಳ್ಳೋಣ. ಆರಿಸಿದ ಗುಂಪು ಸರಾಸರಿಗಿಂತ 28 ಅಂಕ ಮೇಲಿದೆ. ಎರಡನೆಯ ಅಳತೆಯಲ್ಲಿ ಅದರ 0.7 ಭಾಗ, ಅಂದರೆ 19.6 ಅಂಕ ಮಾತ್ರ ಮೇಲಿರುವ ನಿರೀಕ್ಷೆ. ಒಟ್ಟು 69.6. ಪ್ರಾಣಾಯಾಮ ಮಾಡದೆ ಮನೆಯಲ್ಲಿ ಕುಳಿತಿದ್ದರೂ ಈ 20 ಮಂದಿಯ ಸರಾಸರಿ 78ರಿಂದ ಸುಮಾರು 70ಕ್ಕೆ ಇಳಿಯುತ್ತಿತ್ತು. ಕಂಡದ್ದು ಹತ್ತು ಅಂಕಗಳ ಇಳಿಕೆ, ಅದರಲ್ಲಿ ಎಂಟೂವರೆಯಷ್ಟು ಆಯ್ಕೆಯ ವಿಧಾನದಿಂದಲೇ ಬಂದದ್ದು. ಇಡೀ ಸಮೂಹದ ಸರಾಸರಿ ಮತ್ತು ಹರವು ಎರಡೂ ಸಲ ಒಂದೇ ಆಗಿರುತ್ತವೆ ಎಂದು ಈ ಲೆಕ್ಕ ಭಾವಿಸುತ್ತದೆ; ಉತ್ತರದಲ್ಲಿ ಅದನ್ನೂ ಒಂದು ಸಾಲಿನಲ್ಲಿ ಬರೆದ ವಿದ್ಯಾರ್ಥಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಈ ದೋಷವನ್ನು ಸರಿಪಡಿಸಲು ಹೋಗಿ ಹೊಸ ದೋಷ ತರುವುದೂ ಉಂಟು. 50ರ ಆಸುಪಾಸಿನ ಅಂಕ ಪಡೆದ 20 ಮಂದಿಯನ್ನು ನಿಯಂತ್ರಿತ ಗುಂಪಾಗಿ ಇಡಬೇಕು ಎಂದು ಕೆಲವರು ಬರೆಯುತ್ತಾರೆ. ಸರಾಸರಿಯಲ್ಲೇ ಇರುವವರು ಸರಾಸರಿಯತ್ತ ಮರಳುವುದಕ್ಕೆ ಏನಿದೆ? ಅವರ ಅಂಕ ಇದ್ದಲ್ಲೇ ಇರುತ್ತದೆ, ಪ್ರಾಣಾಯಾಮದ ಗುಂಪಿನದು ಇಳಿಯುತ್ತದೆ, ಸುಳ್ಳು ತೀರ್ಮಾನಕ್ಕೆ ನಿಯಂತ್ರಿತ ಗುಂಪಿನ ಮುದ್ರೆಯೂ ಬೀಳುತ್ತದೆ. ಮೇಲಿನ ತುದಿಯ 40 ಮಂದಿಯನ್ನು ಆರಿಸಿ, ಅವರನ್ನೇ ಚೀಟಿ ಎತ್ತಿ ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಆರು ವಾರ ಪ್ರಾಣಾಯಾಮವನ್ನೂ ಇನ್ನೊಂದಕ್ಕೆ ಅಷ್ಟೇ ಹೊತ್ತಿನ ಬೇರೊಂದು ಸಾದಾ ಚಟುವಟಿಕೆಯನ್ನೂ ಕೊಟ್ಟರೆ, ಮರಳಿಕೆ ಎರಡೂ ಕಡೆ ಸಮಾನವಾಗಿ ಆಗುತ್ತದೆ. ಆಮೇಲೆ ಉಳಿಯುವ ಅಂತರವನ್ನು ಪ್ರಾಣಾಯಾಮದ ಲೆಕ್ಕಕ್ಕೆ ಹಾಕಲು ಆಧಾರ ಸಿಗುತ್ತದೆ.

ಕೊನೆಯದಾಗಿ, ಯಾದೃಚ್ಛಿಕ ಹಂಚಿಕೆ ಎಂಬ ಪದ ಕಂಡ ಕೂಡಲೇ ವಿದ್ಯಾರ್ಥಿಗಳು ನಿರಾಳವಾಗುತ್ತಾರೆಂದು ಗೊತ್ತಿದ್ದೇ ಹೆಣೆಯುವ ಪ್ರಶ್ನೆ. "100 ವಿದ್ಯಾರ್ಥಿಗಳನ್ನು ಯಾದೃಚ್ಛಿಕವಾಗಿ 50ರ ಎರಡು ಗುಂಪಾಗಿ ಹಂಚಲಾಯಿತು. ಮೊದಲ ಗುಂಪಿನವರು ನಾಲ್ಕು ವಾರ ರಾತ್ರಿ 9ರ ನಂತರ ಮೊಬೈಲನ್ನು ಕೋಣೆಯ ಹೊರಗಿಟ್ಟು, ಪ್ರತಿದಿನ ದಿನಚರಿ ಬರೆಯಬೇಕಿತ್ತು. ಎರಡನೆಯ ಗುಂಪಿನವರು ನಿದ್ದೆಯ ಪ್ರಶ್ನಾವಳಿಯನ್ನಷ್ಟೇ ತುಂಬಿದರು. ಕೊನೆಯಲ್ಲಿ ಮೊದಲ ಗುಂಪಿನ 23 ಮತ್ತು ಎರಡನೆಯ ಗುಂಪಿನ 46 ಮಂದಿಯ ಮಾಹಿತಿ ಲಭ್ಯವಿತ್ತು. ನಿದ್ದೆಯ ಸರಾಸರಿ ಕ್ರಮವಾಗಿ 7 ಗಂಟೆ 20 ನಿಮಿಷ ಮತ್ತು 6 ಗಂಟೆ 30 ನಿಮಿಷ."

ಚೀಟಿ ಎತ್ತಿದ್ದು ಮೊದಲ ದಿನ. ಹೋಲಿಕೆ ನಡೆದದ್ದು ಕೊನೆಯ ದಿನ. ಈ ಎರಡರ ನಡುವೆ ಮೊದಲ ಗುಂಪಿನಿಂದ 27 ಮಂದಿ, ಎರಡನೆಯದರಿಂದ ನಾಲ್ವರು ಹೊರಬಿದ್ದಿದ್ದಾರೆ. ಆರಂಭದಲ್ಲಿ ಎರಡೂ ಗುಂಪಿನ ನಿದ್ದೆ 6 ಗಂಟೆ 30 ನಿಮಿಷವೇ ಇತ್ತು ಎಂದುಕೊಳ್ಳೋಣ. ಮೊಬೈಲು ಬಿಡಲಾಗದೆ ಹೊರಟವರು ಮೊದಲೇ ತಡವಾಗಿ ಮಲಗುತ್ತಿದ್ದವರಾಗಿರುವ ಸಂಭವವಿದೆ. ಉಳಿದ 23 ಮಂದಿಯ ಆರಂಭದ ಸರಾಸರಿ 7 ಗಂಟೆ 10 ನಿಮಿಷವಾಗಿದ್ದರೆ, ಹೊರಟ 27 ಮಂದಿಯ ಸರಾಸರಿ 5 ಗಂಟೆ 56 ನಿಮಿಷದಷ್ಟಿದ್ದಿರಬೇಕು. ಆಗ ಐವತ್ತೂ ಮಂದಿಯ ಲೆಕ್ಕ ಹೊಂದುತ್ತದೆ. ಹಾಗಿದ್ದರೆ 50 ನಿಮಿಷಗಳ ಲಾಭವೆಂದು ಕಂಡದ್ದರಲ್ಲಿ 40 ನಿಮಿಷ ಯಾರು ಉಳಿದರು ಎಂಬುದರಿಂದ ಬಂದದ್ದು; ಉಳಿದವರ ನಿದ್ದೆ ನಿಜವಾಗಿ ಹೆಚ್ಚಿದ್ದು ಹತ್ತು ನಿಮಿಷ.

ಇಂಥ ವಿವರಣೆಯಲ್ಲಿ ಎರಡು ಸಂಖ್ಯೆಗಳನ್ನು ಹುಡುಕಬೇಕು: ಗುಂಪಿಗೆ ಎಷ್ಟು ಮಂದಿಯನ್ನು ಹಂಚಲಾಯಿತು, ವಿಶ್ಲೇಷಣೆಯಲ್ಲಿ ಎಷ್ಟು ಮಂದಿ ಇದ್ದಾರೆ. ಎರಡೂ ಗುಂಪಿನಿಂದ ಸಮಾನವಾಗಿ, ಬೇರೆ ಬೇರೆ ಸಾಮಾನ್ಯ ಕಾರಣಗಳಿಂದ ಕೆಲವರು ಬಿಟ್ಟುಹೋಗಿದ್ದರೆ ಅಷ್ಟು ಚಿಂತೆಯಿಲ್ಲ. ಬಿಟ್ಟುಹೋದವರ ಸಂಖ್ಯೆ ಒಂದು ಕಡೆ ಹೆಚ್ಚಿದ್ದು, ಕಾರಣ ಆ ಗುಂಪಿಗೆ ಕೊಟ್ಟ ಕೆಲಸವೇ ಆಗಿದ್ದರೆ ಹಂಚಿಕೆ ತಂದಿದ್ದ ಸಮಾನತೆ ಅಲ್ಲಿಗೆ ಮುಗಿಯಿತು. ಹೊರಟವರ ಮತ್ತು ಉಳಿದವರ ಆರಂಭದ ಅಳತೆಗಳನ್ನು ಹೋಲಿಸಿ ನೋಡುವುದರಿಂದ ಈ ತೊಂದರೆ ಪತ್ತೆಯಾಗಬಹುದು. ಆದರೆ ಆ ಅಳತೆಗಳು ಸಮಾನವಾಗಿ ಕಂಡ ಮಾತ್ರಕ್ಕೆ ತೊಂದರೆ ಇಲ್ಲವೆಂದು ಹೇಳಲಾಗದು, ಏಕೆಂದರೆ ಅಳೆಯದ ಛಲದಲ್ಲಿ, ಶಿಸ್ತಿನಲ್ಲಿ ಅವರು ಬೇರೆಯಾಗಿರಬಹುದು. ಆದ್ದರಿಂದ ಸರಿಪಡಿಸುವ ಬಗೆಯನ್ನು ಬರೆಯುವಾಗ, ಬಿಟ್ಟುಹೋದವರ ಜಾಗಕ್ಕೆ ಹೊಸಬರನ್ನು ಸೇರಿಸಬೇಕು ಎಂದು ಬರೆಯದೆ, ಮೊಬೈಲು ಹೊರಗಿಡುವುದನ್ನು ಎರಡನೆಯ ದಿನಕ್ಕೇ ಕೈಬಿಟ್ಟವರ ನಿದ್ದೆಯನ್ನೂ ನಾಲ್ಕನೆಯ ವಾರದಲ್ಲಿ ಅಳೆದು, ಚೀಟಿಯಲ್ಲಿ ಅವರಿಗೆ ಬಂದಿದ್ದ ಗುಂಪಿನಲ್ಲೇ ಇಟ್ಟು 50ಕ್ಕೆ 50ರ ಹೋಲಿಕೆ ಮಾಡಬೇಕು ಎಂದು ಬರೆಯಬೇಕು.